ದುಡ್ಡು ಕೇಳೋ ನೆಂಟರಿಗೆ "ಆಗಲ್ಲ" ಅನ್ನೋದನ್ನ ನಾನು ಕಲಿತಿದ್ದು ಹೀಗೆ

ಎದುರಿನೋರು ಬೇಜಾರು ಮಾಡ್ಕೋತಾರೆ ಅಂತ ಹೆದರೋರ ಬಾಯಲ್ಲಿ ಮೊದಲು ಬರೋದು "ನೋಡ್ತೀನಿ", ಕೇಳ್ದೋರಿಗೆ ಅದು ಅರ್ಧ ಒಪ್ಪಿಗೆ. ಆಮೇಲೆ ಬರೋದು ಕಾರಣ. ನಮ್ಮ ಚಿಕ್ಕಪ್ಪ ಚೀಟಿ ಕಟ್ಟಕ್ಕೆ 40,000 ಕೇಳಿದ್ರು, ಹಳೇ ಸಾಲಾನೇ ವಾಪಸ್ ಬಂದಿರ್ಲಿಲ್ಲ. ಮಗಳ ಸ್ಕೂಲ್ ಫೀಸ್ ಇದೆ ಅಂದ್ರೆ "ಅದು ಜೂನಿಗೆ ತಾನೆ, ಅಷ್ಟೊತ್ತಿಗೆ ಕೊಟ್ಬಿಡ್ತೀನಿ" ಅಂತಾರೆ, ದುಡ್ಡು ಎಫ್‌ಡಿಲಿದೆ ಅಂದ್ರೆ "ಅದ್ರ ಮೇಲೆ ಲೋನ್ ಸಿಗುತ್ತಲ್ಲೋ" ಅಂತಾರೆ. ನಾವು ಕೊಡೋ ಒಂದೊಂದು ಕಾರಣಕ್ಕೂ ಅವರ ಹತ್ರ ಪರಿಹಾರ ರೆಡಿ ಇರುತ್ತೆ.

ಅದಕ್ಕೆ ಕಾರಣಾನೇ ಇಲ್ಲದ ಒಂದು ವಾಕ್ಯ ಚೀಟಿಲಿ ಬರೆದಿಟ್ಕೊಂಡೆ: "ಚಿಕ್ಕಪ್ಪ, ಈ ದುಡ್ಡು ನನ್ ಕೈಲಿ ಕೊಡಕ್ಕಾಗಲ್ಲ." ಅದ್ರಲ್ಲಿ "ಸದ್ಯಕ್ಕೆ" ಅನ್ನೋ ಪದ ಬೇಕಂತಲೇ ಹಾಕಿಲ್ಲ, ಹಾಕಿದ್ರೆ ಮುಂದಿನ ತಿಂಗಳು ಮತ್ತೆ ಫೋನ್ ಗ್ಯಾರಂಟಿ. ಮೊದಲು ಚಿಕ್ಕ ಕಡೆ ಅಭ್ಯಾಸ ಮಾಡ್ದೆ, ಸೋದರತ್ತೆ ಮಗ ಸಾವಿರ ಕೇಳ್ದಾಗ "ಇಲ್ಲ ಕಣೋ, ಆಗಲ್ಲ" ಅಂದೆ, ಅವನು ಸರಿ ಬಿಡು ಅಂತ ಬೇರೆ ಮಾತಿಗೆ ಹೋದ.

ಚಿಕ್ಕಪ್ಪಂಗೆ ಆ ವಾಕ್ಯ ಹೇಳಿದ್ಮೇಲೆ ಫೋನಲ್ಲಿ ಸದ್ದೇ ಇಲ್ಲ. ಎದೆ ಹೊಡ್ಕೋತಿದೆ, ಅಂಗೈ ಬೆವರು, "ಒಂದ್ ಹತ್ತು ಸಾವಿರ ಆದ್ರೆ ನೋಡ್ತೀನಿ" ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ನಿಜವಾದ ಕೆಲ್ಸ ಇರೋದು ಅಲ್ಲೇ, ಆ ಮೌನ ತುಂಬ್ಸೋಕೆ ಹೋಗ್ಬಾರ್ದು. "ನಿನ್ನ ಎತ್ತಿ ಆಡ್ಸಿದೋನು ನಾನು" ಅಂದ್ರು. "ಹೌದು ಚಿಕ್ಕಪ್ಪ, ಅದು ಮರೆತಿಲ್ಲ, ಆದ್ರೆ ಈ ದುಡ್ಡು ನನ್ ಕೈಲಿ ಕೊಡಕ್ಕಾಗಲ್ಲ" ಅಂತ ದನಿ ಏರಿಸದೇನೇ ಅದನ್ನೇ ಹೇಳ್ದೆ. ಫೋನ್ ಇಟ್ಮೇಲೆ ವಾಟ್ಸಾಪಲ್ಲಿ ಸಾರಿ ಅಂತ ಉದ್ದಕ್ಕೆ ಬರಿಯೋ ಆಸೆ ತಡ್ಕೊಂಡೆ. ಕಳಿಸಿದ್ರೆ ಆ ಕ್ಷಣಕ್ಕೆ ಹಗುರ ಆಗುತ್ತೆ, ಆದ್ರೆ ತಪ್ಪು ನಂದೇ ಅಂತ ಮನಸ್ಸಿಗೆ ಗಟ್ಟಿಯಾಗಿ ಮುಂದಿನ ಸಲ ಭಯ ಇನ್ನೂ ಜಾಸ್ತಿ. ಸುಮ್ನೆ ಬಿಟ್ರೆ ಸ್ವಲ್ಪ ಹೊತ್ತಲ್ಲಿ ತಾನಾಗೇ ಇಳಿಯುತ್ತೆ, ನಂಗೆ ಅಡುಗೆ ಆಗೋಷ್ಟರಲ್ಲಿ ಇಳೀತು.

ಒತ್ತಡ ಜೋರಾಗೋದು ಆಮೇಲೆನೇ. ಅವರು ಅಮ್ಮಂಗೆ ಫೋನ್ ಮಾಡಿದ್ರು, ಅಮ್ಮ ನಂಗೆ. ಈ ಹಂತದಲ್ಲಿ ಸೋತ್ರೆ, ಇಷ್ಟು ಒತ್ತಿದ್ರೆ ಕೊಡ್ತಾನೆ ಅಂತ ಅವರಿಗೆ ನಾವೇ ಕಲಿಸಿದ ಹಾಗೆ. "ಅಮ್ಮ, ದುಡ್ಡಿನ ವಿಷಯ ಅವನ ಹತ್ರನೇ ಮಾತಾಡಿ ಅಂದ್ಬಿಡು, ನೀನು ಮಧ್ಯ ಬರ್ಬೇಡ" ಅಂದೆ. ಚಿಕ್ಕಪ್ಪ ಹಬ್ಬಕ್ಕೆ ಮುಖ ಕೊಟ್ಟು ಮಾತಾಡ್ಲಿಲ್ಲ, ನಾನು ಎಂದಿನ ಹಾಗೆ ಕಾಲಿಗೆ ಬಿದ್ದು ಪಕ್ಕದಲ್ಲೇ ಊಟಕ್ಕೆ ಕೂತೆ.

ಎಲ್ಲದಕ್ಕೂ ಇಲ್ಲ ಅನ್ನಲ್ಲ, ಆಸ್ಪತ್ರೆ ಖರ್ಚಾದ್ರೆ ನನ್ ಕೈಲಾದಷ್ಟು ಬಿಲ್ಲಿಂಗ್ ಕೌಂಟರಲ್ಲೇ ಕಟ್ತೀನಿ, ವಾಪಸ್ ಕೇಳಲ್ಲ. ಆದ್ರೆ ದುಡ್ಡು ಬೇಡ, ಬರೀ ಜಾಮೀನು ಸೈನ್ ಹಾಕು ಅಂದ್ರೆ ಮಾತ್ರ ಖಂಡಿತ ಇಲ್ಲ. 1872ರ ಕರಾರು ಕಾಯ್ದೆ ಸೆಕ್ಷನ್ 128 ಪ್ರಕಾರ ಬೇರೆ ಒಪ್ಪಂದ ಇಲ್ದಿದ್ರೆ ಸಾಲಗಾರನಷ್ಟೇ ಹೊಣೆ ಜಾಮೀನುದಾರಂದೂ, ಅವರು ಕಟ್ಟದೇ ಹೋದ್ರೆ ಬ್ಯಾಂಕಿನೋರು ಬರೋದು ನಮ್ಮ ಮನೆಗೆ.