ಐದು ತಿಂಗಳು ತಡವಾದ ಸಭೆಗೆ ನಾಲ್ಕು ನಿಮಿಷದ ಮಾತು

ನಮ್ಮದು ಸೋಮವಾರಪೇಟೆ ಕಡೆಯ ಸಣ್ಣ ಬೆಳೆಗಾರರ ಗುಂಪು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಒಂದು ಪಲ್ಪರ್, ಒಂದು ಕಾಫಿ ಕಣ, ಒಂದು ಗೋದಾಮು ಎಲ್ಲರಿಗೂ ಸೇರಿದ್ದು. ಸಮಿತಿಯಲ್ಲಿ ಒಂಬತ್ತು ಜನ, ಅಧ್ಯಕ್ಷೆ ನಾನು. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ ಜೂನ್ ಮೊದಲ ವಾರ ವಾರ್ಷಿಕ ಪರಿಶೀಲನಾ ಸಭೆ ಮಾಡುವುದು ನಮ್ಮ ರೂಢಿ. ಕಳೆದ ವರ್ಷ ಅದು ನಡೆದದ್ದು ನವೆಂಬರ್ ಮೊದಲ ಶನಿವಾರ.

ಜೂನ್‌ನಲ್ಲಿ ಲೆಕ್ಕದ ಕಾಗದವೇ ಸಿದ್ಧವಾಗಿರಲಿಲ್ಲ. ಜುಲೈನಲ್ಲಿ ದಿನ ಗೊತ್ತು ಮಾಡಿದೆವು. ಅವತ್ತು ಸುರಿದ ಮಳೆಗೆ ದಾರಿಗೆ ಮರ ಬಿದ್ದು ಮೂವರೇ ಬಂದರು. ಕೋರಂಗೆ ಐದು ಜನ ಬೇಕು. ಬಂದವರಿಗೆ ಕಾಫಿ ಕೊಟ್ಟು ವಾಪಸ್ ಕಳಿಸಿದೆವು. ಆಗಸ್ಟ್‌ನಲ್ಲಿ ಯಾರೂ ಸಭೆಯ ಮಾತೇ ಎತ್ತಲಿಲ್ಲ. ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್ ಹಬ್ಬ, ಅದು ಮುಗಿದರೆ ತೋಟಕ್ಕೆ ಗೊಬ್ಬರ ಹಾಕುವ ಗಡಿಬಿಡಿ. ಅಕ್ಟೋಬರ್ 17ರ ಹೊತ್ತಿಗೆ ತುಲಾ ಸಂಕ್ರಮಣ. ಅರೇಬಿಕಾ ಕೊಯ್ಲು ಶುರುವಾದರೆ ಮತ್ತೆ ಯಾರೂ ಸಿಗುವುದಿಲ್ಲ. ಹಾಗಾಗಿ ಉಳಿದಿದ್ದು ಸಂಕ್ರಮಣಕ್ಕೂ ಕೊಯ್ಲಿಗೂ ನಡುವಿನ ಎರಡೇ ಎರಡು ವಾರ.

ಈ ಸಲ ಗುಂಪಿಗೆ ಮೆಸೇಜ್ ಹಾಕಲಿಲ್ಲ. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. 'ಯಾವತ್ತು ಆಗುತ್ತೆ?' ಅಂತ ಕೇಳಿದರೆ ಒಂಬತ್ತು ಜನ ಒಂಬತ್ತು ದಿನ ಹೇಳುತ್ತಾರೆ. ಅದಕ್ಕೆ ಎರಡು ದಿನ ಹೇಳಿ, 'ಇದರಲ್ಲಿ ಯಾವುದು ಖಂಡಿತ ಆಗಲ್ಲ?' ಅಂತ ಕೇಳಿದೆ. ಮಾತಾಡುತ್ತಾ ಅವರು ಏನನ್ನು ಮುಂದೆ ಹಾಕಿ ಬರುತ್ತಿದ್ದಾರೆ ಅನ್ನುವುದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಗ ಅದು ಸುಮ್ನೆ ನೆನಪಿಗೆ ಅಂತ ಬರೆದದ್ದು. ಆಮೇಲೆ ನನ್ನ ಮಾತಿಗೆಲ್ಲ ಅದೇ ಆಧಾರವಾಯಿತು.

ಸಭೆಯ ಹಿಂದಿನ ರಾತ್ರಿ ಬರೆದ ಮೊದಲ ಪ್ರತಿ ಚೆನ್ನಾಗಿರಲಿಲ್ಲ. 'ತಮ್ಮ ಅಮೂಲ್ಯವಾದ ಸಮಯವನ್ನು ಬಿಡುವು ಮಾಡಿಕೊಂಡು' ಅಂತ ಶುರುವಾಗಿ, ಮಳೆಯನ್ನು ಬೈದು, ಮೂರು ಸಲ ಕ್ಷಮೆ ಕೇಳಿ, ವರ್ಷದ ಸಾಧನೆ ಹೇಳಿ ಮುಗಿಯುತ್ತಿತ್ತು. ಮಗಳು ಮೊಬೈಲಿನಲ್ಲಿ ಟೈಮ್ ನೋಡಿದಳು: ಹನ್ನೊಂದು ನಿಮಿಷ. 'ಟೈಮ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳ್ತಾ ಅವರ ಟೈಮೇ ತಿಂತಿದ್ದೀಯಲ್ಲಮ್ಮ' ಅಂದಳು. ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ನಿಜ ಅಲ್ವಾ?

ಆ ಹಾಳೆ ಬದಿಗಿಟ್ಟು ನೋಟ್‌ಬುಕ್ ತೆಗೆದೆ. ಜುಲೈನಲ್ಲಿ ಬಂದ ಮೂವರ ಹೆಸರು ನೋಡಿದಾಗ ಮೊದಲ ಪ್ರತಿಯ ದೊಡ್ಡ ತಪ್ಪು ಕಾಣಿಸಿತು. ದಿನ ಬದಲಾಯಿಸಿಕೊಂಡವರಿಗೆಲ್ಲ ಥ್ಯಾಂಕ್ಸ್ ಹೇಳಿದ್ದೆ, ಹೇಳಿದ ದಿನವೇ ಬಂದವರಿಗೆ ಒಂದು ಮಾತೂ ಇರಲಿಲ್ಲ. ಅವರಲ್ಲಿ ಒಬ್ಬರು ಹಿರಿಯರು, ನಾವೆಲ್ಲ ಮಾವ ಅಂತಲೇ ಕರೆಯುವುದು. ಅವತ್ತು ಮಳೆಯಲ್ಲಿ ಮೂವತ್ತು ಕಿಲೋಮೀಟರ್ ಜೀಪ್ ಓಡಿಸಿಕೊಂಡು ಬಂದಿದ್ದರು. ಆಮೇಲೆ ನನ್ನ ಫೋನಿಗೆ ಹ್ಞೂಂ, ಉಹ್ಞೂಂ ಬಿಟ್ಟರೆ ಬೇರೆ ಮಾತಾಡಿರಲಿಲ್ಲ.

ಇನ್ನೊಂದು ಯೋಚನೆಯೂ ಬಂತು. ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನೆಲ್ಲ ಸಭೆಯಲ್ಲಿ ಹೇಳುವ ಹಾಗಿರಲಿಲ್ಲ. ಒಬ್ಬರು ಮೈಸೂರಿನಲ್ಲಿ ಆಸ್ಪತ್ರೆಗೆ ತೋರಿಸುವ ದಿನವನ್ನು ಮುಂದೆ ಹಾಕಿದ್ದರು. ಅದನ್ನು ನನಗೆ ಹೇಳಿದ್ದು ನಂಬಿಕೆಯ ಮೇಲೆ. ಎಲ್ಲರ ಎದುರು ಹೇಳಿಬಿಟ್ಟರೆ ಥ್ಯಾಂಕ್ಸ್ ಹೋಗಿ ಊರಿನ ಸುದ್ದಿ ಆಗುತ್ತದೆ. ಹೇಳಬಹುದಾದ ಎರಡನ್ನು ಮಾತ್ರ ಇಟ್ಟುಕೊಂಡೆ. ಅದನ್ನೂ ಬೆಳಿಗ್ಗೆ ಅವರಿಬ್ಬರನ್ನು ಕೇಳಿಯೇ. ಇನ್ನು ಹೆಸರು ಎತ್ತಿದರೆ ಬಿಟ್ಟುಹೋದವರ ಹೆಸರು ಜಾಸ್ತಿ ಕೇಳಿಸುತ್ತದೆ. ಅದಕ್ಕೆ ಯಾರ ಹೆಸರನ್ನೂ ಹೇಳಲಿಲ್ಲ, ಕೆಲಸವನ್ನಷ್ಟೇ ಹೇಳಿದೆ.

ಕೊನೆಗೆ ಹೇಳಿದ್ದು ಇಷ್ಟು:

'ಎಲ್ಲರಿಗೂ ನಮಸ್ಕಾರ. ಈಗ ಹತ್ತೂವರೆ. ಒಂಬತ್ತು ಜನರಲ್ಲಿ ಏಳು ಜನ ಇಲ್ಲಿದ್ದೇವೆ. ಕೋರಂ ಇದೆ, ಸಭೆ ಶುರು ಮಾಡುತ್ತೇನೆ. ಇದು ಜೂನ್‌ನಲ್ಲಿ ಆಗಬೇಕಿದ್ದ ಸಭೆ. ಐದು ತಿಂಗಳು ತಡವಾಗಿದೆ. ಮಳೆಯೂ ಒಂದು ಕಾರಣ, ಆದರೆ ಮೊದಲ ಕಾರಣ ಅದಲ್ಲ. ಲೆಕ್ಕದ ಕಾಗದವನ್ನು ಸಮಯಕ್ಕೆ ಸಿದ್ಧ ಮಾಡಿಸುವುದು ನನ್ನ ಕೆಲಸ. ನಾನು ಮಾಡಿಸಲಿಲ್ಲ, ತಪ್ಪಾಯಿತು.

'ಜುಲೈನಲ್ಲಿ ಮೂವರು ಮಳೆಯಲ್ಲಿ ಬಂದು, ಸಭೆ ಆಗದೆ ವಾಪಸ್ ಹೋದಿರಿ. ಮೊದಲ ಧನ್ಯವಾದ ನಿಮಗೆ. ಇವತ್ತು ಬರುವುದಕ್ಕೆ ಒಬ್ಬರು ಕಣದ ಗಾರೆ ಕೆಲಸದ ಮೇಸ್ತ್ರಿಯನ್ನು ಸೋಮವಾರಕ್ಕೆ ಹಾಕಿದ್ದಾರೆ. ಇನ್ನೊಬ್ಬರು ಮನೆಯ ನಾಮಕರಣವನ್ನು ಸಂಜೆಗೆ ಇಟ್ಟುಕೊಂಡಿದ್ದಾರೆ. ಹೇಳದೆ ಬಂದ ಉಳಿದವರೂ ಏನೋ ಒಂದು ಕೆಲಸ ಬಿಟ್ಟೇ ಬಂದಿದ್ದೀರಿ, ನನಗೆ ಗೊತ್ತು. ಬೆಂಗಳೂರಿನಿಂದ ಒಬ್ಬರು ಫೋನಿನಲ್ಲಿ ಕೇಳುತ್ತಿದ್ದಾರೆ. ನಮ್ಮ ನಿಯಮದಲ್ಲಿ ಅದು ಹಾಜರಿಗೆ ಸೇರುವುದಿಲ್ಲ, ಆದರೆ ಅವರ ಅಭಿಪ್ರಾಯ ಕೇಳೋಣ. ಬರಲಾಗದ ಒಬ್ಬರು ಪತ್ರ ಕಳಿಸಿದ್ದಾರೆ, ಕಾರ್ಯದರ್ಶಿ ಓದುತ್ತಾರೆ.

'ಒಂದು ವಿಷಯ ಗಮನಿಸಿ. ನಿಮ್ಮ ಕೈಯಲ್ಲಿರುವ ಲೆಕ್ಕ ಮಾರ್ಚ್ 31ರದ್ದು. ಗೋದಾಮಿನಲ್ಲಿದೆ ಅಂತ ಅದರಲ್ಲಿ ಬರೆದಿರುವ ಕಾಫಿ ಈಗ ಅಲ್ಲಿಲ್ಲ, ಮಾರಾಟವಾಗಿದೆ. ಆಮೇಲಿನ ಲೆಕ್ಕ ಬೇರೆ ಹಾಳೆಯಲ್ಲಿದೆ. ಎರಡನ್ನೂ ಕೂಡಿಸಿ ನೋಡಬೇಡಿ. ಪಲ್ಪರ್ ರಿಪೇರಿ ಇವತ್ತಿನ ವಿಷಯಗಳ ಪಟ್ಟಿಯಲ್ಲಿ ಆರನೆಯದು. ಕೊಯ್ಲು ಹತ್ತಿರ ಬಂದಿರುವುದರಿಂದ ಅದನ್ನು ಮೊದಲು ತೆಗೆದುಕೊಳ್ಳೋಣವೇ? ಹನ್ನೆರಡೂವರೆಗೆ ಸಭೆ ಮುಗಿಸುತ್ತೇನೆ. ಉಳಿದದ್ದಕ್ಕೆ ಇಲ್ಲೇ ಇನ್ನೊಂದು ದಿನ ಗೊತ್ತು ಮಾಡೋಣ.'

ಕಾಗದ ನೋಡಿಕೊಂಡೇ ಹೇಳಿದೆ. ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಕಮ್ಮಿ ಹಿಡಿಯಿತು. ಕೋರಂ ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಹಿಂದೊಮ್ಮೆ ನಾಲ್ವರು ಇದ್ದಾಗಲೇ ನಾನು ಸ್ವಾಗತ ಶುರು ಮಾಡಿ, ಐದನೆಯವರು ಬಂದ ಮೇಲೆ ಎಲ್ಲವನ್ನೂ ಮತ್ತೆ ಹೇಳಬೇಕಾಗಿ ಬಂದಿತ್ತು. ಪಟ್ಟಿಯ ಸಾಲು ಬದಲಾಯಿಸಿದ್ದನ್ನೂ ಕೇಳಿ, ಒಪ್ಪಿಗೆಯನ್ನು ನಡಾವಳಿಯಲ್ಲಿ ಬರೆಸಿದೆ. ಇಲ್ಲದಿದ್ದರೆ ಅಧ್ಯಕ್ಷೆ ತನಗೆ ಬೇಕಾದ್ದನ್ನು ಮೊದಲು ತಂದಳು ಅಂತ ಮಾತು ಬರುತ್ತಿತ್ತು.

ಒಂದು ಕಡೆ ಎಡವಿದೆ. ಫೋನಿನವರು ಹಾಜರಿಗೆ ಸೇರುವುದಿಲ್ಲ ಅನ್ನುವುದನ್ನು ಅವರಿಗೆ ಹಿಂದಿನ ದಿನವೇ ಹೇಳಬೇಕಿತ್ತು. ಎಲ್ಲರ ಎದುರು ಅದನ್ನು ಕೇಳಿಸಿಕೊಂಡದ್ದು ಅವರಿಗೆ ಹಿಡಿಸಲಿಲ್ಲ. ಸ್ವಲ್ಪ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತು ಅಂದುಕೊಂಡೆವು, ಹೋಗಿರಲಿಲ್ಲ.

ಪಲ್ಪರ್ ವಿಷಯ ಬಂದಾಗ ಮಾವನೇ ಮೊದಲು ಬಾಯಿಬಿಟ್ಟರು. 'ಜುಲೈನಲ್ಲಿ ಬಂದಾಗ ಟೈಮ್ ಇತ್ತಲ್ಲ, ಮಿಷನ್ ಬಿಚ್ಚಿ ನೋಡಿದ್ದೆ. ಡ್ರಮ್ಮಿನ ತಗಡು ಸವೆದಿದೆ. ಹೀಗೇ ಬಿಟ್ಟರೆ ಸಿಪ್ಪೆ ಸರಿಯಾಗಿ ಬಿಡಲ್ಲ, ಬೀಜವೂ ಒಡೆಯುತ್ತೆ' ಅಂದರು. 'ಆವಾಗಲೇ ಹೇಳಬಹುದಿತ್ತಲ್ಲ ಮಾವ' ಅಂದೆ. 'ಸಭೆ ಎಲ್ಲಿ ಆಯ್ತು, ಹೇಳೋಕೆ?' ಅಂದರು. ಎಲ್ಲರೂ ನಕ್ಕರು. ತಗಡು ಬದಲಾಯಿಸಲು ಹನ್ನೊಂದು ಗಂಟೆಯೊಳಗೆ ಒಪ್ಪಿಗೆ ಸಿಕ್ಕಿತು.