ನಿಮ್ಮ ಹೆಸರಲ್ಲಿ ಯಾರೋ ಕೆಲಸ ಕೊಡ್ತಿದ್ದಾರೆ

ದಾವಣಗೆರೆಯಿಂದ ಅಕ್ಕ ಫೋನ್ ಮಾಡಿದಾಗ ರಾತ್ರಿ ಒಂಬತ್ತು ದಾಟಿತ್ತು. ಮಗಳಿಗೆ ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಲ್ಯಾಪ್‌ಟಾಪಿಗೆ ಎಂಟು ಸಾವಿರ ಡಿಪಾಸಿಟ್ ಕೇಳ್ತಿದ್ದಾರೆ, ನಿನ್ನ ಹತ್ತಿರ ಇದ್ರೆ ಹಾಕ್ತೀಯಾ ಅಂದಳು. ಡಿಪಾಸಿಟ್ ಅನ್ನೋ ಮಾತು ಕೇಳಿದ ಕೂಡಲೇ ಹೊಟ್ಟೆಯಲ್ಲಿ ಏನೋ ಆಯ್ತು. ಕೆಲಸ ಕೊಡೋರು ದುಡ್ಡು ಕೊಡ್ತಾರೆ, ಇಸ್ಕೊಳಲ್ಲ ಅಲ್ವಾ. "ಈಗಾಗಲೇ ಏನಾದ್ರೂ ಕೊಟ್ಟಿದ್ದೀರಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹುಡುಗಿಯೇ ಫೋನ್ ತಗೊಂಡಳು. "ಮಾಮ, ಡಾಕ್ಯುಮೆಂಟ್ ವೆರಿಫಿಕೇಶನ್ ಅಂತ 1,850 ಹಾಕಿಬಿಟ್ಟೆ."

ಆ ರಾತ್ರಿ ಮೊದಲು ಮಾಡಿದ್ದು 1930ಕ್ಕೆ ಕರೆ. ಸೈಬರ್ ವಂಚನೆಯಲ್ಲಿ ದುಡ್ಡು ಹೋದರೆ ದೂರು ಕೊಡೋ ನಂಬರ್ ಅದು. ಯುಪಿಐ ಆ್ಯಪ್‌ನಲ್ಲಿ ಆ ಪಾವತಿಯನ್ನು ತೆರೆದು, ಅದರ 12 ಅಂಕಿಯ ಯುಟಿಆರ್ ನಂಬರನ್ನು ಅವಳು ಓದಿ ಹೇಳಿದಳು. ಬೆಳಿಗ್ಗೆ cybercrime.gov.in ನಲ್ಲಿ ಉಳಿದ ವಿವರ ತುಂಬಿದೆವು. ಇದನ್ನು ಮೊದಲೇ ಹೇಳಿದ್ದು ಯಾಕಂದ್ರೆ, ಕಂಪನಿಯ ಎಚ್‌ಆರ್‌ಗೆ ಬರೆದರೆ ದುಡ್ಡು ವಾಪಸ್ ಬರಲ್ಲ. ದುಡ್ಡು ಅವರ ಹತ್ತಿರ ಹೋಗೇ ಇಲ್ಲ. ಅವರಿಗೆ ಬರೆಯೋದು ಬೇರೆ ಕೆಲಸಕ್ಕೆ.

ನನ್ನ ಮೊದಲ ಕರಡನ್ನು ಈಗ ಓದಿದರೆ ನಾಚಿಕೆ ಆಗುತ್ತದೆ. "ನಿಮ್ಮ ಎಚ್‌ಆರ್ ಬಡವರ ಮಕ್ಕಳ ದುಡ್ಡು ತಿಂತಿದ್ದಾರೆ" ಅಂತ ಶುರು. ಎರಡು ಪುಟ. ಅಕ್ಕನ ಮನೆಯ ಕಷ್ಟ, ಹುಡುಗಿಯ ಮಾರ್ಕ್ಸು, ನನ್ನ ಸಿಟ್ಟು ಎಲ್ಲ ಇತ್ತು. ಯಾವ ವಿಳಾಸದಿಂದ ಮೇಲ್ ಬಂತು ಅನ್ನೋದೊಂದೇ ಇರಲಿಲ್ಲ. ನನ್ನ ಹೆಂಡತಿ ಓದಿ, "ಇದನ್ನ ಓದಿದವರು ಏನು ಮಾಡಬೇಕು?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಮೇಲನ್ನು ಸರಿಯಾಗಿ ನೋಡೋಣ ಎಂದು ಕೂತೆ. ಕಳಿಸಿದವರ ಜಾಗದಲ್ಲಿ ಕಂಪನಿಯ ಹೆಸರು, ಒಬ್ಬ ಮಹಿಳಾ ರಿಕ್ರೂಟರ್ ಹೆಸರು ಚೆನ್ನಾಗಿ ಕಾಣುತ್ತಿತ್ತು. ಆದರೆ ಆ ಹೆಸರನ್ನು ಯಾರು ಬೇಕಾದರೂ ಏನು ಬೇಕಾದರೂ ಇಟ್ಟುಕೊಳ್ಳಬಹುದು. ನೋಡಬೇಕಾದ್ದು ಅದರ ಪಕ್ಕದ ವಿಳಾಸ. ಫೋನಿನಲ್ಲಿ ಅದು ಕಾಣಲ್ಲ, ಹೆಸರಿನ ಮೇಲೆ ಒತ್ತಬೇಕು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, Show original ಕೊಟ್ಟೆ. ಉದ್ದ ಪುಟ ಬಂತು. ನನಗೆ ಬೇಕಾದ ಸಾಲು ಇಷ್ಟೇ. ಕಂಪನಿಯ ನಿಜವಾದ ಹೆಸರು ಇಲ್ಲಿ ಬೇಡ, ಅದರ ಸೈಟಿನ ವಿಳಾಸ `namma.example` ಎಂದು ಇಟ್ಟುಕೊಳ್ಳಿ.

```
From: Talent Team <hr@namma-careers.example>
Reply-To: joining.desk@offer-desk.example
SPF: PASS
DKIM: 'PASS' with domain namma-careers.example
```

PASS ನೋಡಿ ನಾನೇ ಒಂದು ಕ್ಷಣ ತಬ್ಬಿಬ್ಬಾದೆ. ಪಾಸ್ ಅಂದ್ರೆ ಅಸಲಿ ಅಲ್ವಾ? ಆಫೀಸಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳೋ ಗೆಳೆಯನನ್ನು ಕೇಳಿದೆ. ಅವನು ನಕ್ಕ. "ಮೇಲು `namma-careers.example` ಅನ್ನೋ ಡೊಮೇನಿನಿಂದಲೇ ಬಂದಿದೆ ಅಂತಷ್ಟೇ ಅದರ ಅರ್ಥ. ಆ ಡೊಮೇನು ಕಂಪನಿಯದ್ದು ಅಂತ ಅದು ಹೇಳಲ್ಲ. ಕಳ್ಳ ತಾನೇ ದುಡ್ಡು ಕೊಟ್ಟು ಡೊಮೇನ್ ಕೊಂಡರೆ ಎಲ್ಲ ಪರೀಕ್ಷೆಯಲ್ಲೂ ಪಾಸೇ." ನಡುವೆ ಒಂದು ಅಡ್ಡಗೆರೆ ಸೇರಿಸಿದರೆ ಅದು ಪೂರ್ತಿ ಬೇರೆ ಡೊಮೇನ್, ಯಾರು ಬೇಕಾದರೂ ಕೊಳ್ಳಬಹುದು. ಮುಂದೆ ಚುಕ್ಕಿ ಇದ್ದಿದ್ದರೆ, ಅಂದರೆ `careers.namma.example` ಆಗಿದ್ದರೆ, ಅದು ಕಂಪನಿಯ ಕೈಯಲ್ಲೇ ಇರುವ ವಿಳಾಸ. ಇಡೀ ಮೋಸ ನಿಂತಿದ್ದು ಒಂದು ಚುಕ್ಕಿ ಮತ್ತು ಒಂದು ಗೆರೆಯ ನಡುವೆ.

ಅವನೇ `lookup.icann.org` ನಲ್ಲಿ ಆ ಡೊಮೇನ್ ಹಾಕಿ ನೋಡು ಎಂದ. ಯಾರ ಹೆಸರಲ್ಲಿದೆ ಎಂದು ಅಲ್ಲಿ ಕಾಣಲಿಲ್ಲ, ಮುಚ್ಚಿಟ್ಟಿದ್ದರು. ಆದರೆ ನೋಂದಾಯಿಸಿದ ತಾರೀಕು ಇತ್ತು. ಹುಡುಗಿಗೆ ಮೊದಲ ಮೇಲ್ ಬರುವ 11 ದಿನ ಮುಂಚೆ. ಇಪ್ಪತ್ತು ವರ್ಷ ಹಳೆಯ ಕಂಪನಿ ನಿನ್ನೆ ಮೊನ್ನೆ ಕೊಂಡ ವಿಳಾಸದಿಂದ ಆಫರ್ ಲೆಟರ್ ಕಳಿಸುತ್ತಾ?

ಅಷ್ಟರಲ್ಲಿ ಹುಡುಗಿ ವಾಟ್ಸಾಪಿನಲ್ಲಿ ಆ ಕಳ್ಳನಿಗೆ ನಾಲ್ಕು ಮಾತು ಬೈಯ್ಯಲು ಹೊರಟಿದ್ದಳು. ತಡೆದೆ. ಬೈದರೆ ಅವನು ಇತ್ತೀಚಿನ ಮೆಸೇಜ್ ಅಳಿಸುತ್ತಾನೆ, ಲಿಂಕ್ಡ್‌ಇನ್‌ನಲ್ಲಿ ಬ್ಲಾಕ್ ಮಾಡುತ್ತಾನೆ, ಆಮೇಲೆ ಪ್ರೊಫೈಲೇ ನಮಗೆ ಕಾಣಲ್ಲ. ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿಸಿದೆ. ಅವಳು ಆ ನಂಬರನ್ನು "ಎಚ್‌ಆರ್ ಮೇಡಂ" ಎಂದು ಸೇವ್ ಮಾಡಿದ್ದಳು. ಸ್ಕ್ರೀನ್‌ಶಾಟಿನಲ್ಲಿ ಬರೀ ಆ ಹೆಸರು ಬಂದರೆ ಏನು ಪ್ರಯೋಜನ? ಅದನ್ನು ಡಿಲೀಟ್ ಮಾಡಿಸಿ, ನಂಬರ್ ಕಾಣೋ ಹಾಗೆ ಮತ್ತೆ ತೆಗೆಸಿದೆ. ಲಿಂಕ್ಡ್‌ಇನ್ ಪ್ರೊಫೈಲಿನ ಪೂರ್ತಿ ಲಿಂಕನ್ನೂ ಬರೆದಿಟ್ಟೆವು. ಹೆಸರು, ಫೋಟೋ ಯಾವಾಗ ಬೇಕಾದರೂ ಬದಲಾಗುತ್ತದೆ.

ಇನ್ನು ಯಾರಿಗೆ ಬರೆಯೋದು? ಆಫರ್ ಲೆಟರಿನ ಕೆಳಗೆ ಒಂದು ಫೋನ್ ನಂಬರ್, ಒಂದು ಮೇಲ್ ಇತ್ತು. ಅಕ್ಕ ಅದಕ್ಕೇ ಫೋನ್ ಮಾಡಿ "ನಿಜಾನಾ" ಎಂದು ಕೇಳಿದ್ದಳಂತೆ! ನಿಜ ಎಂದರಂತೆ. ನಾನು ಕಂಪನಿಯ ಸೈಟಿನ ವಿಳಾಸವನ್ನು ಕೈಯಾರೆ ಟೈಪ್ ಮಾಡಿ, ಉದ್ಯೋಗದ ಪುಟದ ತಳದಲ್ಲಿದ್ದ ಎಚ್‌ಆರ್ ವಿಳಾಸ ತಗೊಂಡೆ.

ಮೊದಲ ಸಲ ಕಳಿಸಿದ್ದು ಗಾಳಿಗೆ ಹೋಯಿತು. ಕಳ್ಳನ ಮೇಲನ್ನು ಹಾಗೇ ಫಾರ್ವರ್ಡ್ ಮಾಡಿ, ಆಫರ್ ಲೆಟರ್ ಪಿಡಿಎಫ್ ಅಂಟಿಸಿ ಕಳಿಸಿದ್ದೆ. ನಾಲ್ಕು ದಿನ ಉತ್ತರವಿಲ್ಲ. ಇವರಿಗೆ ಕಾಳಜಿ ಇಲ್ಲ ಎಂದು ಬೈಕೊಂಡೆ. ಗೆಳೆಯ ಹೇಳಿದ ಮೇಲೆ ಗೊತ್ತಾಯಿತು. ಮೋಸದ ಲಿಂಕು, ಮೋಸದ ಫೈಲು ಎರಡೂ ನನ್ನ ಮೇಲಿನಲ್ಲೇ ಇದ್ದವು. ಕಂಪನಿಯ ಸ್ಪ್ಯಾಮ್ ಫಿಲ್ಟರ್ ನನ್ನನ್ನೇ ಕಳ್ಳ ಎಂದುಕೊಂಡಿರಬೇಕು. ಸಾಲದ್ದಕ್ಕೆ, ಫಾರ್ವರ್ಡ್ ಮಾಡಿದಾಗ ಮೂಲ ಮೇಲಿನ ಆ ಒಳಗಿನ ಸಾಲುಗಳೂ ಉದುರಿಹೋಗುತ್ತವೆ. ಅವರಿಗೆ ಬೇಕಿದ್ದದ್ದೇ ಅವು.

ಎರಡನೇ ಸಲ ಬರೀ ಅಕ್ಷರ. ಅಟ್ಯಾಚ್‌ಮೆಂಟ್ ಇಲ್ಲ. ಕಳ್ಳನ ವಿಳಾಸದಲ್ಲಿ ಚುಕ್ಕಿಯನ್ನು ಕಂಸದೊಳಗೆ ಹಾಕಿದೆ, ಆಗ ಅದು ಲಿಂಕ್ ಆಗಲ್ಲ, ಯಾರೂ ತಪ್ಪಿ ಒತ್ತಲ್ಲ. ಕಳಿಸಿದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳೋದಾದರೆ ಹೀಗಿತ್ತು:

"ವಿಷಯ: ನಿಮ್ಮ ರಿಕ್ರೂಟರ್ ಹೆಸರಿನಲ್ಲಿ ನಕಲಿ ಆಫರ್ ಲೆಟರ್, ಹಣ ವಸೂಲಿ

ನಮಸ್ಕಾರ. ನಿಮ್ಮ ಕಂಪನಿಯ ರಿಕ್ರೂಟರ್ ಎಂದು ಹೇಳಿಕೊಂಡ ಒಬ್ಬರು ಮಾರ್ಚ್ 4ರಿಂದ 9ರವರೆಗೆ ನನ್ನ ಅಕ್ಕನ ಮಗಳಿಗೆ ಮೇಲ್ ಮತ್ತು ವಾಟ್ಸಾಪ್ ಮಾಡಿ, ಆಫರ್ ಲೆಟರ್ ಕಳಿಸಿ, 1,850 ರೂಪಾಯಿ ಪಡೆದಿದ್ದಾರೆ. ಇನ್ನೂ 8,000 ಕೇಳುತ್ತಿದ್ದಾರೆ.

ಮೇಲ್ ಬಂದದ್ದು hr@namma-careers[.]example ಇಂದ. ವಾಟ್ಸಾಪ್ ನಂಬರ್, ಹಣ ಹೋದ ಯುಪಿಐ ಐಡಿ ಮತ್ತು ಲಿಂಕ್ಡ್‌ಇನ್ ಪ್ರೊಫೈಲ್ ಕೆಳಗಿವೆ. ಬಳಸಿದ ಹೆಸರು ನಿಮ್ಮ ನೇಮಕಾತಿ ತಂಡದ ಒಬ್ಬರದ್ದು. ಅವರು ನಿಜವಾಗಿ ನಿಮ್ಮಲ್ಲಿ ಇರಬಹುದು. ಅವರ ಮೇಲೆ ನಮ್ಮ ದೂರಿಲ್ಲ.

1930ಕ್ಕೆ ದೂರು ಕೊಟ್ಟಿದ್ದೇವೆ. ಈ ಆಫರ್ ನಿಮ್ಮದಲ್ಲ ಎಂದು ಒಂದು ಸಾಲಿನ ಉತ್ತರ ಕೊಟ್ಟರೆ ದೂರಿಗೆ ಸೇರಿಸುತ್ತೇವೆ. ಮೂಲ ಮೇಲ್, ಆಫರ್ ಲೆಟರ್ ಮತ್ತು ಸ್ಕ್ರೀನ್‌ಶಾಟ್‌ಗಳು ನಮ್ಮ ಹತ್ತಿರ ಇವೆ. ಎಲ್ಲಿಗೆ ಕಳಿಸಬೇಕು ತಿಳಿಸಿ."

ಕೆಳಗೆ ಆ ಮೂರು ವಿವರ, ನನ್ನ ಹೆಸರು, ಫೋನ್ ನಂಬರ್. ಹುಡುಗಿಯ ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್ ಯಾವುದೂ ಇಲ್ಲ. ಅವನ್ನೆಲ್ಲ ಕಳ್ಳನಿಗೆ ಒಂದು ಸಲ ಕೊಟ್ಟಿದ್ದೇ ಸಾಕಾಗಿತ್ತು.

ಬರೆಯುವಾಗ ಜಾಸ್ತಿ ತಿಣುಕಾಡಿದ್ದು "ಅವರ ಮೇಲೆ ನಮ್ಮ ದೂರಿಲ್ಲ" ಅನ್ನೋ ಸಾಲಿಗೆ. ಸಿಟ್ಟಿನಲ್ಲಿ ಅದನ್ನು ಬರೆಯಲು ಮನಸ್ಸೇ ಬರಲಿಲ್ಲ. ಆದರೆ ಕಂಪನಿಯ ಸೈಟಿನಲ್ಲಿ ಆ ಹೆಸರಿನವರು ನಿಜವಾಗಿಯೂ ಇದ್ದರು. ಅದೇ ಫೋಟೋ. ಅವರ ಹೆಸರನ್ನು ಕದ್ದಿದ್ದರು, ಅಷ್ಟೇ. "ನಿಮ್ಮ ಇಂಥವರು ಮೋಸ ಮಾಡಿದ್ದಾರೆ" ಎಂದು ಬರೆದಿದ್ದರೆ ಓದಿದವರು ತಮ್ಮ ಸಹೋದ್ಯೋಗಿಯ ಪರ ವಾದಕ್ಕೆ ನಿಲ್ಲುತ್ತಿದ್ದರು, ಕಳ್ಳ ಆರಾಮಾಗಿ ಇರುತ್ತಿದ್ದ. ಇನ್ನು ಒಂದು ಸಾಲಿನ ಉತ್ತರ ಕೇಳಿದ್ದಕ್ಕೂ ಕಾರಣ ಇದೆ. "ಕಠಿಣ ಕ್ರಮ ಕೈಗೊಳ್ಳಿ" ಎಂದರೆ ಎಚ್‌ಆರ್‌ನವರು ಏನು ಮಾಡಬೇಕು? ಆದರೆ "ನಮ್ಮದಲ್ಲ" ಎಂದು ಬರೆಯೋದು ಯಾರ ಕೈಯಲ್ಲಾದರೂ ಆಗುತ್ತದೆ. ಆ ಒಂದು ಸಾಲು ಪೊಲೀಸರ ಮುಂದೆ ನಮ್ಮ ಮಾತಿಗಿಂತ ತೂಕ.

ಮರುದಿನ ಮಧ್ಯಾಹ್ನವೇ ಉತ್ತರ ಬಂತು. ಆ ಡೊಮೇನ್ ತಮ್ಮದಲ್ಲ, ತಾವು ಯಾವ ಹಂತದಲ್ಲೂ ಹಣ ಕೇಳಲ್ಲ, ವಿಷಯವನ್ನು ತಮ್ಮ ಸೆಕ್ಯುರಿಟಿ ತಂಡಕ್ಕೆ ದಾಟಿಸಿದ್ದೇವೆ ಎಂದು. ಸಂಜೆ ಆ ತಂಡದಿಂದ ಫೈಲ್ ಹಾಕಲು ಒಂದು ಲಿಂಕ್. ಈ ಸಲ ಲಿಂಕಿನ ವಿಳಾಸವನ್ನು ಮೂರು ಬಾರಿ ಓದಿ, ಚುಕ್ಕಿ ಎಲ್ಲಿದೆ ನೋಡಿದ ಮೇಲೇ ಒತ್ತಿದೆ. ಜಿಮೇಲಿನ Download message ಒತ್ತಿ ಇಳಿಸಿದ `.eml` ಫೈಲನ್ನು ಹಾಗೇ ಹಾಕಿದೆ, ಮೂಲ ಮೇಲಿನ ಸಾಲುಗಳೆಲ್ಲ ಅದರಲ್ಲಿ ಇದ್ದವು. ಡೊಮೇನ್ ಮಾರಿದವರಿಗೆ ತಾವೇ ಬರೆಯುತ್ತೇವೆ ಎಂದರು. ಟ್ರೇಡ್‌ಮಾರ್ಕ್ ಅವರದ್ದು, ಅವರು ಹೇಳಿದರೆ ಬೇಗ ಕೇಳುತ್ತಾರೆ.

ಎರಡು ದಿನದ ಮೇಲೆ ಆ ರಿಕ್ರೂಟರ್ ಮೇಡಂ ತಾವೇ ಫೋನ್ ಮಾಡಿದರು. ಹದಿನೈದು ದಿನದಿಂದ ಲಿಂಕ್ಡ್‌ಇನ್‌ನಲ್ಲಿ ಗುರುತಿಲ್ಲದವರು ಬೈಯ್ಯುತ್ತಿದ್ದರಂತೆ, "ದುಡ್ಡು ವಾಪಸ್ ಕೊಡಿ" ಎಂದು. ಯಾಕೆ ಅಂತ ಅವರಿಗೆ ಅರ್ಥವೇ ಆಗಿರಲಿಲ್ಲ. ಯಾರೂ ವಿಳಾಸ ಹೇಳಿರಲಿಲ್ಲ, ಬರೀ ಬೈಗುಳ. "ನಿಮ್ಮ ಮೇಲ್ ನೋಡಿದ ಮೇಲೆ ಗೊತ್ತಾಯ್ತು ಸಾರ್" ಎಂದರು. ನನ್ನ ಮೊದಲ ಕರಡು ನೆನಪಾಗಿ ಸುಮ್ನೆ "ಹೂಂ" ಎಂದೆ.

ವಾರದೊಳಗೆ ಆ ನಕಲಿ ಸೈಟ್ ತೆರೆಯೋದು ನಿಂತಿತು. 1,850 ಇನ್ನೂ ಬಂದಿಲ್ಲ. ಮೊನ್ನೆ ಹುಡುಗಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಹೊಸ ನಂಬರ್, ಅದೇ ಮೇಡಂ ಫೋಟೋ, "ಕೆಲಸದಲ್ಲಿ ಇನ್ನೂ ಆಸಕ್ತಿ ಇದೆಯಾ?" ಎಂಬ ಪ್ರಶ್ನೆ. ನಂಬರ್ ಚೆನ್ನಾಗಿ ಕಾಣುತ್ತಿತ್ತು, ಸೇವ್ ಮಾಡಿರಲಿಲ್ಲ. ಹಳೇ ಮೇಲಿಗೇ ಉತ್ತರವಾಗಿ ಒಂದು ಸಾಲು ಸೇರಿಸಿ ಎಚ್‌ಆರ್‌ಗೆ ಕಳಿಸಿದೆ: "ಅದೇ ವ್ಯಕ್ತಿ, ಇಂದಿನಿಂದ ಈ ನಂಬರ್."