ಹಿಟ್ಟಿನ ತೂಕಕ್ಕಲ್ಲ, ಪೊಟ್ಣದ ತೂಕಕ್ಕೆ ಲೆಕ್ಕ ಹಾಕ್ರಿ

ನಮ್ಮ ದಾವಣಗೆರೆಲಿ ಈಗ ಓಣಿಗೊಬ್ರು ಮನೇಲೆ ಬೇಕಿಂಗ್ ಮಾಡ್ತಾರೆ, ಕೇಕು, ಬೆಣ್ಣೆ ಬಿಸ್ಕತ್ತು, ಖಾರ ಬಿಸ್ಕತ್ತು, ರುಚಿ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ಒಂದು ಪೊಟ್ಣಕ್ಕೆ ನಿಂಗೆಷ್ಟು ಬೀಳತ್ತಮ್ಮ ಅಂತ ಕೇಳಿದ್ರೆ ಹತ್ತರಲ್ಲಿ ಎಂಟು ಜನ "ಒಂದು ನಲವತ್ತು ಬೀಳ್ಬೋದು ದೊಡ್ಡಮ್ಮ" ಅಂತಾರೆ. ಬೀಳ್ಬೋದು ಅಂದ್ರೆ ಏನು, ಬೀಳತ್ತೋ ಇಲ್ವೋ? ವಿದ್ಯಾನಗರದ ಕಡೆ ಒಬ್ಬ ಹುಡುಗಿ ಬೆಣ್ಣೆ ಬಿಸ್ಕತ್ತು ಮಾಡ್ತಾಳೆ, ಅವಳದ್ದೇ ಲೆಕ್ಕ ಇಟ್ಕೊಂಡು ಹೇಳ್ತೀನಿ, ರೇಟು ನಿಮ್ಮ ಅಂಗಡಿ ಬಿಲ್ಲಲ್ಲಿ ಬೇರೆ ಇರತ್ತೆ, ಅದನ್ನ ಹಾಕ್ಕೊಳ್ರಿ, ದಾರಿ ಮಾತ್ರ ಇದೇ.

ಅವಳ ಒಂದು ಸಲದ ಹಿಟ್ಟು ಅಂದ್ರೆ ಮೈದಾ 1 ಕೆಜಿ, ಸಕ್ಕರೆ ಪುಡಿ ಅರ್ಧ ಕೆಜಿ, ಬೆಣ್ಣೆ 600 ಗ್ರಾಂ, ಸ್ವಲ್ಪ ಏಲಕ್ಕಿ, ಉಪ್ಪು, ಬೇಕಿಂಗ್ ಪೌಡರ್. ಮೈದಾ 45 ರೂಪಾಯಿ, ಸಕ್ಕರೆ ಕೆಜಿಗೆ 46ರಂತೆ 23, ಬೆಣ್ಣೆ ಕೆಜಿಗೆ 560ರಂತೆ 336, ಏಲಕ್ಕಿ ಉಪ್ಪು ಎಲ್ಲ ಸೇರಿ 20. ಒಟ್ಟು 424. ನೋಡಿದ್ರಲ್ಲ, ಮುಕ್ಕಾಲು ಭಾಗಕ್ಕಿಂತ ಜಾಸ್ತಿ ದುಡ್ಡು ಬೆಣ್ಣೆಲೇ ಐತೆ, ಮೈದಾ ಎರಡು ರೂಪಾಯಿ ಕಮ್ಮಿಗೆ ಸಿಗತ್ತೆ ಅಂತ ಮಂಡಿಪೇಟೆಗೆ ಆಟೋ ಮಾಡ್ಕೊಂಡು ಹೋಗೋದು ಆಮೇಲೆ, ಮೊದ್ಲು ಬೆಣ್ಣೆ ಲೆಕ್ಕ ಬಿಗಿ ಮಾಡ್ರಿ.

ಈಗ ತಪ್ಪೋದು ಎಲ್ಲಿ ಅಂದ್ರೆ, ಅವಳು ಕಲಸಿದ ಹಿಟ್ಟು ತೂಗಿದ್ಲು, 2120 ಗ್ರಾಂ ಬಂತು, 424ನ್ನ ಅದಕ್ಕೆ ಭಾಗಿಸಿದ್ಲು, ಗ್ರಾಮಿಗೆ 20 ಪೈಸೆ, 200 ಗ್ರಾಂ ಪೊಟ್ಣಕ್ಕೆ 40 ರೂಪಾಯಿ ಅಂತ ಬರ್ಕೊಂಡ್ಲು. ಲೆಕ್ಕ ಸರಿನೇ, ಆದ್ರೆ ಅವಳು ಹಿಟ್ಟು ಮಾರಲ್ವಲ್ಲ! ಓವನ್ನಲ್ಲಿ ಬೆಣ್ಣೇಲಿರೋ ನೀರು ಹೋಗತ್ತೆ, ಮೈದಾದಲ್ಲೂ ತೇವ ಇರತ್ತೆ ಅದೂ ಹೋಗತ್ತೆ, ಬೆಂದು ಆರಿದ ಮೇಲೆ ತೂಗಿದ್ರೆ 1900 ಗ್ರಾಮಿನ ಹತ್ರ ಇತ್ತು. ಅದ್ರಲ್ಲಿ ಅಂಚು ಸೀದಿದ್ದು, ಮುರಿದಿದ್ದು, ಮಕ್ಳು ಬಾಯಿಗೆ ಹಾಕ್ಕೊಂಡಿದ್ದು ಬಿಟ್ರೆ ಪ್ಯಾಕ್ ಆಗಿದ್ದು 9 ಪೊಟ್ಣ, ಅಂದ್ರೆ 1800. ಈಗ 424ನ್ನ 9ಕ್ಕೆ ಭಾಗಿಸ್ರಿ, 47 ರೂಪಾಯಿ. ಪ್ಯಾಕಿಂಗು, ಕರೆಂಟು, ಕೂಲಿ ಲೆಕ್ಕ ಹಿಡಿಯೋಕೆ ಮುಂಚೆನೇ ಪೊಟ್ಣಕ್ಕೆ 7 ರೂಪಾಯಿ ವ್ಯತ್ಯಾಸ. ಅದಕ್ಕೆ ನಾನು ಹೇಳೋದು, ಹೊಸ ಐಟಂ ಶುರು ಮಾಡಿದಾಗ ಮೊದಲ ಮೂರ್ನಾಲ್ಕು ಸಲ ಕಲಸಿದ್ದು, ಬೆಂದಿದ್ದು, ಪ್ಯಾಕ್ ಆಗಿದ್ದು, ಮೂರೂ ತೂಕ ಬರ್ದಿಡ್ರಿ, ಬಿಸಿ ಇರ್ವಾಗ ತೂಗಬ್ಯಾಡ್ರಿ, ಪೂರ್ತಿ ಆರ್ಲಿ. ಮೂರನೇ ತೂಕಕ್ಕೇ ಭಾಗಿಸ್ರಿ, ಯಾವತ್ತೂ. ಮುರುಕನ್ನ ಮನೆಯೋರು ಕಾಫಿಗೆ ಅದ್ಕೊಂಡು ತಿಂತಾರೆ, ಅದು ಖರ್ಚಿಗೆ ಬಂತೇ ಹೊರ್ತು ಆದಾಯಕ್ಕಲ್ಲ.

ಬೆಣ್ಣೆ ವಿಷ್ಯ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಬೆಣ್ಣೆದೋಸೆ ಊರಲ್ವಾ ನಮ್ದು, ಲೂಸ್ ಬೆಣ್ಣೆ ಕೈಗೆ ಸಿಗತ್ತೆ, ಪ್ಯಾಕೆಟ್ಟಿಗಿಂತ ಅಗ್ಗ ಅನ್ಸತ್ತೆ. ಟೇಬಲ್ ಬಟರ್ ಅಂತ ಮಾರೋ ಪ್ಯಾಕೆಟ್ ಬೆಣ್ಣೇಲಿ ನೂರಕ್ಕೆ 80 ಭಾಗ ಕೊಬ್ಬು ಇರ್ಲೇಬೇಕು ಅಂತ ಐತೆ, ಲೂಸ್ ಬೆಣ್ಣೇಲಿ ಮಜ್ಜಿಗೆ ನೀರು ಎಷ್ಟು ಉಳಿದಿರತ್ತೋ ಕಡಿದೋರಿಗೇ ಗೊತ್ತು. ನೋಡೋದು ಹೆಂಗಂದ್ರೆ, ಸಣ್ಣ ಬಾಣಲೆ ತೂಗಿ ಬರ್ಕೊಂಡು, ಅದಕ್ಕೆ 100 ಗ್ರಾಂ ಬೆಣ್ಣೆ ಹಾಕಿ ಸಣ್ಣ ಉರಿಲಿ ಚಟಪಟ ಸದ್ದು ನಿಲ್ಲೋ ತನಕ ಕಾಯಿಸಿ, ಇಳಿಸಿ ಮತ್ತೆ ತೂಗ್ರಿ. ಒಳ್ಳೆ ಬೆಣ್ಣೆ ಆದ್ರೆ 80ರ ಮೇಲೆ ಉಳಿಯತ್ತೆ. ಆ ಹುಡುಗಿ ತಂದಿದ್ದ 480 ರೂಪಾಯಿ ಲೂಸ್ ಬೆಣ್ಣೆ 70 ಉಳೀತು. 480ನ್ನ 0.70ಕ್ಕೆ ಭಾಗಿಸಿದ್ರೆ ಕೆಜಿ ಜಿಡ್ಡಿಗೆ 686 ಆಯ್ತು, 560ನ್ನ 0.80ಕ್ಕೆ ಭಾಗಿಸಿದ್ರೆ 700. ಎಂಬತ್ತು ರೂಪಾಯಿ ಉಳಿಸಿದೆ ಅಂತ ಖುಷಿಪಟ್ಟಿದ್ದು ಹದಿನಾಲ್ಕು ರೂಪಾಯಿಗೆ ಇಳೀತು, ಮೇಲಿಂದ ನೀರು ಜಾಸ್ತಿ ಇರೋ ಬೆಣ್ಣೆಗೆ ಬಿಸ್ಕತ್ತು ಗಟ್ಟಿ ಬರತ್ತೆ, ಬಾಯಲ್ಲಿ ಕರಗಲ್ಲ, ಬೆಂದ ಮೇಲೆ ತೂಕನೂ ಕಮ್ಮಿ ಬೀಳತ್ತೆ. ಲೂಸ್ ಬೆಣ್ಣೆನೇ ತರ್ಬ್ಯಾಡ್ರಿ ಅಂತಲ್ಲ, ಕಾಯಿಸಿ ನೋಡಿ ತರ್ರಿ.

ಇನ್ನು ಪ್ಯಾಕಿಂಗು. ಕವರ್ 6 ರೂಪಾಯಿ, ಲೇಬಲ್ 1.50, ಹತ್ತು ಪೊಟ್ಣ ಹಿಡಿಯೋ ರಟ್ಟಿನ ಡಬ್ಬದ ಪಾಲು 2 ರೂಪಾಯಿ, 9.50 ಆಯ್ತು ಅಂದ್ಲು. ನಾನು 10 ಹಿಡಿ ಅಂದೆ. ಯಾಕಂದ್ರೆ ತಿಂಗಳ ಕೊನೆಗೆ ಕವರ್ ಎಣಿಸಿದ್ವಿ, 300 ತಂದಿದ್ದು, 70 ಉಳಿದಿತ್ತು, ಅಂದ್ರೆ 230 ಹೋಗೈತೆ. ಬಿಸ್ಕತ್ತು ಮಾಡಿದ್ದು 24 ಸಲ, 9ರಂತೆ 216 ಪೊಟ್ಣ. 14 ಕವರ್ ಎಲ್ಲಿ ಹೋಯ್ತು? ಸೀಲ್ ಮಾಡೋವಾಗ ಸುಟ್ಟಿದ್ದು, ದಿನಾಂಕ ತಪ್ಪು ಹಾಕಿದ್ದು, ಇಂಥವೇ. ಕವರ್ ಎಣಿಸೋದ್ರಿಂದ ಇನ್ನೊಂದು ಲಾಭನೂ ಐತೆ, ಮಾರಿದ ಲೆಕ್ಕ ಪುಸ್ತಕದಲ್ಲಿ ಬರೆಯೋದು ಮರೆತಿದ್ರೂ ಕವರ್ ಸುಳ್ಳು ಹೇಳಲ್ಲ, ದುಡ್ಡು ಬಂದಿದ್ದಕ್ಕೂ ಕವರ್ ಹೋಗಿದ್ದಕ್ಕೂ ತಾಳೆ ನೋಡ್ಬೋದು. ತುಂಬೋವಾಗ ಖಾಲಿ ಕವರ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡ್ಕೊಂಡೇ ತುಂಬ್ರಿ, ಕವರ್ ತೂಕ ಬಿಟ್ಟು ಒಳಗೆ 200 ಇರ್ಬೇಕು, ಲೇಬಲ್ ಮೇಲೆ ಹಾಕಿದ ತೂಕಕ್ಕೆ ಕಮ್ಮಿ ಕೊಡೋದು ತಪ್ಪು. ಹಾಗಂತ ಇರ್ಲಿ ಅಂತ ಒಂದೊಂದು ಪೊಟ್ಣಕ್ಕೆ 5 ಗ್ರಾಂ ಜಾಸ್ತಿ ಹಾಕಿದ್ರೆ ಒಂದು ಸಲಕ್ಕೆ 45 ಗ್ರಾಂ, ಸುಮಾರು ಹತ್ತು ರೂಪಾಯಿ ಮಾಲು ಹೋಯ್ತು. ಧಾರಾಳತನ ಮನೆಗೆ ಬಂದ ನೆಂಟರಿಗೆ ಇರ್ಲಿ.

ಕರೆಂಟಿಗೆ 3 ಯೂನಿಟ್ ಹಿಡಿದ್ವಿ, ಸಾವಿರದೈನೂರು ವ್ಯಾಟ್ ಓವನ್ ಎರಡು ತಾಸು ಉರಿದ್ರೆ ಅಷ್ಟೇ, 24 ರೂಪಾಯಿ ಇಟ್ವಿ. ಗೃಹಜ್ಯೋತಿ ಐತಲ್ಲ ಕರೆಂಟು ಫ್ರೀ ಅಂತ ಸೊನ್ನೆ ಹಾಕ್ಬ್ಯಾಡ್ರಿ, ನಿಮ್ಮನೆಗೆ ಗೊತ್ತು ಮಾಡಿದ ಯೂನಿಟ್ ದಾಟಿದ್ರೆ ಮೇಲಿಂದಕ್ಕೆ ಕಟ್ಬೇಕು, 200 ದಾಟಿದ್ರೆ ಪೂರ್ತಿ ಬಿಲ್ಲೇ ಬರತ್ತೆ. ಕೈ ಕೂಲಿ ಮೂರು ತಾಸಿಗೆ 80ರಂತೆ 240. ಇದನ್ನ ಹಾಕೋಕೆ ನಮ್ಮ ಹೆಣ್ಮಕ್ಳಿಗೆ ನಾಚಿಕೆ, ನಾಳೆ ಆರ್ಡರ್ ಜಾಸ್ತಿಯಾಗಿ ಒಬ್ಬಳನ್ನ ಕೆಲಸಕ್ಕೆ ಇಟ್ಕೊಂಡ್ರೆ ಅವಳಿಗೆ ಎಲ್ಲಿಂದ ಕೊಡ್ತೀರಿ? ಎರಡೂ ಸೇರಿ 264, ಪೊಟ್ಣಕ್ಕೆ 29ರ ಮೇಲೆ. ಎಲ್ಲ ಕೂಡಿದ್ರೆ 47, 10, 29, 86 ರೂಪಾಯಿ ಚಿಲ್ಲರೆ, 87 ಅಂತ ಹಿಡೀರಿ.

ಅಂಗಡಿಯೋರು ನೂರಕ್ಕೆ 20 ಕಮಿಷನ್ ಕೇಳ್ತಾರೆ, ಅವಳಿಗೆ ಪೊಟ್ಣಕ್ಕೆ 10 ಉಳೀಬೇಕು ಅಂದ್ರೆ ಕೈಗೆ 97 ಬರ್ಬೇಕು. ಅವಳು 97ಕ್ಕೆ 20 ಪರ್ಸೆಂಟ್ ಸೇರ್ಸಿ 116 ಅಂದ್ಲು. ಅಂಗಡಿಯೋನು ಹಿಡ್ಕೊಳೋದು 116ರ ಮೇಲೆ ಕಣಮ್ಮ, 23 ಹೋದ್ರೆ ಕೈಗೆ 93 ಅಷ್ಟೇ ಬರತ್ತೆ. 97ನ್ನ 0.80ಕ್ಕೆ ಭಾಗಿಸ್ಬೇಕು, 121 ಬರತ್ತೆ. 120 ಅಂತ ಹಾಕಿದ್ಲು, ಸರಿ.

ಈಗ ಸ್ಟಾಕು. ಇದಕ್ಕೆ ಕಂಪ್ಯೂಟರ್ ಬೇಡ, ಒಂದು ನೋಟ್‌ಬುಕ್ಕು ಸಾಕು, ಮೈದಾ, ಸಕ್ಕರೆ, ಬೆಣ್ಣೆ, ಕವರು, ನಾಲ್ಕಕ್ಕೆ ಒಂದೊಂದು ಹಾಳೆ. ಒಂದನೇ ತಾರೀಕು ತೂಗಿ ಬರೀರಿ, ತಂದಿದ್ದು ಕೂಡ್ರಿ, ತಿಂಗಳ ಕೊನೆಗೆ ಉಳಿದಿದ್ದು ತೂಗಿ ಕಳೀರಿ, ಅದು ಖರ್ಚಾಗಿದ್ದು. ಪಕ್ಕದಲ್ಲಿ, ಎಷ್ಟು ಸಲ ಮಾಡಿದ್ರೋ ಅಷ್ಟಕ್ಕೆ ಎಷ್ಟು ಆಗ್ಬೇಕಿತ್ತು ಅಂತ ಬರೀರಿ. ಅವಳ ಮೈದಾ 8 ಕೆಜಿ ಇತ್ತು, 30 ತಂದ್ಲು, 11 ಉಳೀತು, 27 ಖರ್ಚು. ಆಗ್ಬೇಕಿದ್ದು 24. ಮೂರು ಕೆಜಿ ಎಲ್ಲಿ?

ಇಲ್ಲಿ ಒಂದು ಹಾಳೆ ನೋಡಿ ತೀರ್ಮಾನ ಮಾಡ್ಬಾರ್ದು, ಪಕ್ಕದ ಹಾಳೆನೂ ನೋಡ್ಬೇಕು. ಮೈದಾ, ಸಕ್ಕರೆ, ಬೆಣ್ಣೆ ಮೂರೂ ಒಂದೇ ಪ್ರಮಾಣದಲ್ಲಿ ಜಾಸ್ತಿ ಹೋಗಿದ್ರೆ ಯಾವುದೋ ಸಲದ್ದು ಬರೆಯೋದು ಬಿಟ್ಟೈತೆ, ಸೀದು ಎಸೆದಿದ್ದೋ, ಅತ್ತಿಗೆ ಮನೆಗೆ ಮಾಡಿ ಕೊಟ್ಟಿದ್ದೋ. ಸಕ್ಕರೆ ಒಂದೇ ಹೋಗಿದ್ರೆ ಮನೆ ಕಾಫಿಗೆ ಅದೇ ಡಬ್ಬಕ್ಕೆ ಚಮಚ ಬಿದ್ದೈತೆ. ಬೆಣ್ಣೆ ಒಂದೇ ಹೋಗಿದ್ರೆ ಭಾನುವಾರ ದೋಸೆ ಆಗೈತೆ, ಬೇರೆ ತನಿಖೆ ಬೇಡ. ಅವಳದ್ದು ಸಕ್ಕರೆ, ಬೆಣ್ಣೆ ಎರಡೂ ಸರಿ ಇತ್ತು, ಮೈದಾ ಒಂದೇ ಹೋಗಿತ್ತು, ಮೂರು ಕೆಜಿನ 24ಕ್ಕೆ ಹಂಚಿದ್ರೆ ಸಲಕ್ಕೆ 125 ಗ್ರಾಂ. ಹೆಂಗೆ ಅಳೀತೀಯ ತೋರ್ಸು ಅಂದೆ, ನನ್ನ ಮುಂದೆ ತೂಗಿದೋಳು ದಿನಾ ಮಾತ್ರ ಕಪ್ಪಲ್ಲೇ ಅಳೀತಿದ್ಲು, ಎಂಟು ಕಪ್ಪು, ಡಬ್ಬದೊಳಗೆ ಕಪ್ಪು ಒತ್ತಿ ತುಂಬೋದು. ಸಡಿಲವಾಗಿ ತುಂಬಿದ್ರೆ 125 ಗ್ರಾಂ ಹಿಡಿಯೋ ಕಪ್ಪು ಒತ್ತಿದ್ರೆ 140, 145 ಹಿಡಿಯತ್ತೆ. ದುಡ್ಡಿನ ಲೆಕ್ಕಕ್ಕೆ 125 ಗ್ರಾಂ ಮೈದಾ ಅಂದ್ರೆ ಆರು ರೂಪಾಯಿ ಕೂಡ ಇಲ್ಲ, ಆದ್ರೆ ಬಿಸ್ಕತ್ತು ಒಂದಿನ ಪುಡಿಪುಡಿ ಒಂದಿನ ಸರಿ ಬರ್ತಿದ್ದಿದ್ದು ಇದಕ್ಕೇ, ಅವಳು ಅಷ್ಟು ದಿನ ಓವನ್ನಿಗೆ ಬೈಕೊಂಡಿದ್ಲು.

ಮನೆ ಮೈದಾ ಸಕ್ಕರೆ ಬೇರೆ ಡಬ್ಬ, ಮಾರೋದ್ರದ್ದು ಬೇರೆ ಡಬ್ಬ, ಮುಚ್ಚಳದ ಮೇಲೆ ತಂದ ತಾರೀಕು, ಹಳೇದು ಮುಗಿಯೋ ತನಕ ಹೊಸ ಚೀಲ ಬಿಚ್ಚಬ್ಯಾಡ್ರಿ, ಚೀಲದ ತಳದಲ್ಲಿ ಉಳಿದ ಹಳೇ ಹಿಟ್ಟಿಂದ ಮಳೆಗಾಲದಲ್ಲಿ ಹೊಸ ಮೈದಾಗೂ ಹುಳ ಬರ್ಬೋದು. ಮತ್ತೆ ಬೆಣ್ಣೆ ರೇಟ್ ಏರಿದಾಗ, ಫ್ರಿಜ್ಜಲ್ಲಿ ಹಳೇ ರೇಟಿಂದು ಐತಲ್ಲ ಅಂತ ಹಳೇ ಲೆಕ್ಕಕ್ಕೇ ದೀಪಾವಳಿ ಆರ್ಡರ್ ಒಪ್ಕೊಬ್ಯಾಡ್ರಿ, ಆ ಬೆಣ್ಣೆ ಎರಡೇ ಸಲಕ್ಕೆ ಮುಗಿಯತ್ತೆ, ಆರ್ಡರ್ ಪೂರೈಸೋದು ಹೊಸ ರೇಟಿನ ಬೆಣ್ಣೇಲೇ. ಕೆಜಿಗೆ 50 ರೂಪಾಯಿ ಏರಿದ್ರೆ ಅವಳ ಪೊಟ್ಣಕ್ಕೆ ಮೂರು ರೂಪಾಯಿ ಮೂವತ್ಮೂರು ಪೈಸೆ ಜಾಸ್ತಿ ಬೀಳತ್ತೆ, ಅವಳಿಗೆ ಉಳಿಯೋ ಒಂಬತ್ತು ರೂಪಾಯಿ ಚಿಲ್ಲರೇಲೇ ಅದು ಕಟ್ ಆಗೋದು, ಅದಕ್ಕೆ ಆರ್ಡರ್ ಹೇಳೋ ದಿನ ಬೆಳಿಗ್ಗೆ ಅಂಗಡಿಗೊಂದು ಫೋನ್ ಮಾಡಿ ರೇಟ್ ಕೇಳ್ಕೊಂಡೇ ಗಿರಾಕಿಗೆ ಬೆಲೆ ಹೇಳ್ರಿ.